ಬಹುಮಾನದ ಮೊತ್ತ ನೋಡಿ ಆಟ ಆರಿಸಬೇಡಿ

ಪ್ರಶ್ನೆ: ನಮ್ಮ ಮಗನಿಗೆ ಹದಿನೈದು ವರ್ಷ. ಇ-ಸ್ಪೋರ್ಟ್ಸ್‌ನಲ್ಲಿ ಒಂದೇ ಆಟ ಹಿಡಿದು ಬೆಳೆಯಬೇಕೆಂಬ ಆಸೆ ಅವನಿಗಿದೆ. ಮನೆಯಲ್ಲಿ ಒಂದು ಸಾಧಾರಣ ಫೋನ್ ಇದೆ, ಕಂಪ್ಯೂಟರ್ ಇಲ್ಲ. ಯಾವ ಆಟಕ್ಕೆ ಹೆಚ್ಚು ಬಹುಮಾನವಿದೆ? (ಕಲಬುರಗಿಯ ಒಬ್ಬ ತಂದೆ)

ಉತ್ತರ: ಈ ಪ್ರಶ್ನೆ ನನಗೆ ತಿಂಗಳಿಗೆ ನಾಲ್ಕಾರು ಬಾರಿ ಬರುತ್ತದೆ, ಬಂದಾಗಲೆಲ್ಲ ಕೊನೆಯ ವಾಕ್ಯ ಇದೇ ಆಗಿರುತ್ತದೆ. ಆದ್ದರಿಂದ ಅದನ್ನೇ ಮೊದಲು ಬಿಡಿಸುತ್ತೇನೆ.

ಬಹುಮಾನದ ಮೊತ್ತವು ಆಟದ ಗುಣವಲ್ಲ, ಆಟದ ಒಡೆತನವುಳ್ಳ ಕಂಪನಿ ಆ ವರ್ಷ ಮಾಡಿದ ತೀರ್ಮಾನ. ಡೋಟಾ 2 ಆಟದ ಅತಿ ದೊಡ್ಡ ಪಂದ್ಯಾವಳಿಯಾದ ದಿ ಇಂಟರ್‌ನ್ಯಾಷನಲ್‌ನಲ್ಲಿ 2021ರಲ್ಲಿ ಒಟ್ಟು ಬಹುಮಾನ 4 ಕೋಟಿ ಡಾಲರ್ ಇತ್ತು. ಎರಡೇ ವರ್ಷದಲ್ಲಿ, 2023ರಲ್ಲಿ, ಅದು 32 ಲಕ್ಷ ಡಾಲರ್‌ನ ಆಸುಪಾಸಿಗೆ ಇಳಿಯಿತು. ಆಟದ ಮಟ್ಟ ಕುಸಿದುದಕ್ಕೆ ಹೀಗಾಗಲಿಲ್ಲ. ಮೊದಲು ಆಟದೊಳಗೆ ಮಾರುತ್ತಿದ್ದ ಬ್ಯಾಟಲ್ ಪಾಸ್‌ನ ಹಣದಲ್ಲಿ ಕಾಲುಭಾಗ ಬಹುಮಾನಕ್ಕೆ ಸೇರುತ್ತಿತ್ತು, 2023ರಲ್ಲಿ ಕಂಪನಿ ಆ ಬ್ಯಾಟಲ್ ಪಾಸನ್ನೇ ಕೈಬಿಟ್ಟಿತು. 2021ರಲ್ಲಿ ಆ ಮೊತ್ತ ನೋಡಿ ಅಭ್ಯಾಸ ಶುರುಮಾಡಿದ ಹುಡುಗನ ಕೈ ಪಳಗುವ ಹೊತ್ತಿಗೆ, ಅವನು ನೋಡಿದ್ದ ಹಣವೇ ಅಲ್ಲಿ ಉಳಿದಿರಲಿಲ್ಲ.

ಹಣ ಹಂಚಿಕೆಯಾಗುವ ರೀತಿಯನ್ನೂ ನೋಡಬೇಕು. ಫೋನಿನಲ್ಲಿ ಆಡುವ ಬಿಜಿಎಂಐ ಎಂಬ ಬಂದೂಕಿನ ಕಾಳಗದ ಆಟಕ್ಕೆ ನಮ್ಮಲ್ಲಿ 2021ರಲ್ಲಿ ಶುರುವಾಗಿ 2022ರ ಜನವರಿಯಲ್ಲಿ ಮುಗಿದ ರಾಷ್ಟ್ರಮಟ್ಟದ ಸರಣಿಯ ಒಟ್ಟು ಬಹುಮಾನ 1 ಕೋಟಿ ರೂಪಾಯಿ, ಅದರಲ್ಲಿ 50 ಲಕ್ಷ ಗೆದ್ದ ತಂಡವೊಂದಕ್ಕೇ ಹೋಯಿತು. ಅಂತಿಮ ಸುತ್ತಿಗೆ ಬಂದ 16 ತಂಡಗಳಲ್ಲಿ ಉಳಿದ ಹದಿನೈದಕ್ಕೆ ಇನ್ನರ್ಧ; ಅರ್ಹತಾ ಸುತ್ತಿನಲ್ಲೇ ಹೊರಬಿದ್ದ ಸಾವಿರಾರು ಹುಡುಗರಿಗೆ ಏನೂ ಇಲ್ಲ. ಒಂದು ಕೋಟಿ ಎಂಬ ಸಂಖ್ಯೆ ನಿಮ್ಮ ಮಗನ ಮೊದಲ ಮೂರು ವರ್ಷಗಳ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹೇಳುವುದು ನಿಮ್ಮ ಮನೆ. ವ್ಯಾಲೊರಂಟ್ ಎಂಬ ಇನ್ನೊಂದು ಆಟಕ್ಕೆ ಕಂಪ್ಯೂಟರ್ ಬೇಕು, ಐವರ ತಂಡ ಬೇಕು. ಸಾಲ ಮಾಡಿ ಕಂಪ್ಯೂಟರ್ ತಂದು ಆಸಕ್ತಿ ಪರೀಕ್ಷಿಸುವುದು ಸರಿಯಲ್ಲ. ಕೈಯಲ್ಲಿರುವ ಫೋನಿನಲ್ಲಿ, ಎರಡು ವಾರ, ಬಿಜಿಎಂಐ ಒಂದನ್ನೇ ಪರೀಕ್ಷಿಸಿ. ಸಂಜೆ 7ರಿಂದ 9ರವರೆಗೆ, ಅಂದರೆ ತಂಡಗಳು ಅಭ್ಯಾಸ ಪಂದ್ಯ ಆಡುವ ಹೊತ್ತಿನಲ್ಲಿ, ಪರದೆಯ ಮೇಲೆ ಕಾಣುವ ಪಿಂಗ್ ಸಂಖ್ಯೆಯನ್ನು, ಅಂದರೆ ಫೋನಿನಿಂದ ಆಟದ ಸರ್ವರ್‌ಗೆ ಸಂದೇಶ ಹೋಗಿ ಬರಲು ಹಿಡಿಯುವ ಹೊತ್ತನ್ನು, ಒಂದು ನೋಟ್‌ಬುಕ್‌ನಲ್ಲಿ ಬರೆದಿಡಲಿ. ಸಂಖ್ಯೆ ಎಷ್ಟೆಂಬುದಕ್ಕಿಂತ ಅದು ಎಷ್ಟು ಕುಣಿಯುತ್ತದೆ ಎಂಬುದು ಮುಖ್ಯ. 60 ಮಿಲಿಸೆಕೆಂಡ್‌ನಲ್ಲಿ ಸ್ಥಿರವಾಗಿದ್ದರೆ ಕೈ ಆ ತಡಕ್ಕೆ ಒಗ್ಗಿಕೊಳ್ಳುತ್ತದೆ. 40ಕ್ಕೂ 180ಕ್ಕೂ ನಡುವೆ ಜಿಗಿದರೆ ಯಾವ ಅಭ್ಯಾಸವೂ ನಿಲ್ಲುವುದಿಲ್ಲ.

ನನ್ನ ಬಳಿ ಬರುವ ಒಬ್ಬ ಹುಡುಗ ಕಳೆದ ಮೇ ತಿಂಗಳಲ್ಲಿ "ನೆಟ್ ಕೈ ಕೊಡ್ಲಿಕ್ಕತ್ತದ್ರಿ ಸರ್" ಎಂದು ದೂರಿಕೊಂಡ. ಅವನ ಮನೆಗೆ ಹೋಗಿ ಪಕ್ಕದಲ್ಲಿ ಕುಳಿತು ನೋಡಿದೆ. ತಗಡಿನ ಮಾಳಿಗೆ, ಮಧ್ಯಾಹ್ನದ ಬಿಸಿಲು. ಮೊದಲ ಪಂದ್ಯ ಸರಾಗವಾಗಿ ನಡೆಯಿತು, ಮೂರನೆಯದರಲ್ಲಿ ಚಿತ್ರ ತಡವರಿಸತೊಡಗಿತು, ಆದರೆ ಪಿಂಗ್ 50ರ ಆಸುಪಾಸಿನಲ್ಲೇ ಇತ್ತು. ತಪ್ಪು ನೆಟ್‌ದಲ್ಲ; ಕಾದ ಫೋನು ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸಿತ್ತು. ಕವರ್ ತೆಗೆಸಿ, ಚಾರ್ಜರ್ ಬಿಡಿಸಿ, ಗ್ರಾಫಿಕ್ಸ್ ಕಡಿಮೆ ಮಾಡಿಸಿ, ಕೆಳಗಿನ ಕೋಣೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ಫ್ಯಾನಿನ ಕೆಳಗೆ ಕೂರಿಸಿದ ಮೇಲೆ ನಾಲ್ಕು ಪಂದ್ಯಗಳೂ ಒಂದೇ ಹದದಲ್ಲಿ ಸಾಗಿದವು. ಇದಕ್ಕೆ ವಿರುದ್ಧವಾಗಿ, ಚಿತ್ರ ಸರಾಗವಾಗಿದ್ದೂ ಎದುರಾಳಿ ಇದ್ದಲ್ಲಿಂದ ಇನ್ನೊಂದು ಕಡೆಗೆ ಜಿಗಿದಂತೆ ಕಂಡರೆ, ಹೊಡೆದ ಗುಂಡು ಲೆಕ್ಕಕ್ಕೆ ಬಾರದಿದ್ದರೆ, ದೋಷ ಸಂಪರ್ಕದ್ದು. ಆಗ ಮೊಬೈಲ್ ಡೇಟಾ ಬಿಟ್ಟು ಬ್ರಾಡ್‌ಬ್ಯಾಂಡ್ ನೋಡಬೇಕು.

ಈ ಎರಡು ವಾರದಲ್ಲಿ ಪಿಂಗ್ ಸ್ಥಿರವಾಗಿದ್ದು, ಅದೇ ಹೊತ್ತಿಗೆ ದಿನವೂ ಬರುವ ಮೂವರು ಗೆಳೆಯರು ಸಿಕ್ಕರೆ, ನಿಮ್ಮ ಮಗನಿಗೆ ಬಿಜಿಎಂಐ ಸರಿಯಾದ ಆಯ್ಕೆ. ಹದಿನೆಂಟರೊಳಗಿನವರಿಗೆ ಆಟದಲ್ಲೇ ದಿನಕ್ಕೆ 3 ಗಂಟೆಯ ಮಿತಿ ಇದೆ. ಒಂದು ಪಂದ್ಯಕ್ಕೆ ಅರ್ಧ ಗಂಟೆ ಹಿಡಿದರೂ ನಾಲ್ಕು ಪಂದ್ಯಕ್ಕೆ ಎರಡು ಗಂಟೆ ಸಾಕು, ಉಳಿದ ಹೊತ್ತು ಗುರಿಯ ಅಭ್ಯಾಸಕ್ಕೆ. ಆದ್ದರಿಂದ ಮಿತಿ ಅಡ್ಡಿ ಎಂಬ ದೂರನ್ನು ನಾನು ಒಪ್ಪುವುದಿಲ್ಲ.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು: ಹಿಡಿದ ಆಟವೇ ನಿಂತುಹೋದರೆ? ಬಿಜಿಎಂಐ 2022ರ ಜುಲೈನಲ್ಲಿ ಆ್ಯಪ್ ಅಂಗಡಿಗಳಿಂದ ಮಾಯವಾಗಿ, ಮರಳಿದ್ದು 2023ರ ಮೇ ತಿಂಗಳಲ್ಲಿ. ಅಂಥ ಹತ್ತು ತಿಂಗಳಲ್ಲಿ ಬಂದೂಕಿನ ಹಿನ್ನೂಕು ಹಿಡಿದಿಡುವ ಬೆರಳಿನ ರೂಢಿ ಬೇರೆ ಆಟಕ್ಕೆ ಹೆಚ್ಚು ಉಪಯೋಗವಾಗುವುದಿಲ್ಲ. ಎಲ್ಲಿ ಯಾವಾಗ ಸರಿಯಬೇಕೆಂಬ ಅಂದಾಜು, ಕಂಡದ್ದನ್ನು ಎರಡೇ ಮಾತಿನಲ್ಲಿ ತಂಡಕ್ಕೆ ತಿಳಿಸುವ ಅಭ್ಯಾಸ ಇವೆರಡೂ ಜೊತೆಗೆ ಬರುತ್ತವೆ. ಈ ಎರಡನೆಯದರಲ್ಲಿ ನಮ್ಮ ಭಾಗದ ಮಕ್ಕಳಿಗೆ ಒಂದು ಅನುಕೂಲವೂ ಇದೆ: ಬೇರೆ ರಾಜ್ಯದ ಹುಡುಗರು ಸೇರಿದ ತಂಡಗಳಲ್ಲಿ ಆಟದ ನಡುವಿನ ಕರೆಗಳು ಬಹುಪಾಲು ಹಿಂದಿಯಲ್ಲೇ ಇರುತ್ತವೆ, ಓಣಿಯಲ್ಲಿ ದಖ್ಖನಿ ಕೇಳುತ್ತಲೇ ಬೆಳೆದ ಕಲಬುರಗಿಯ ಹುಡುಗನಿಗೆ ಅದನ್ನು ಹೊಸದಾಗಿ ಕಲಿಯಬೇಕಾಗಿಲ್ಲ.