ಮಗುವನ್ನು ಮಲಗಿಸುವ ಕೆಮ್ಮಿನ ಸಿರಪ್: ಎಲ್ಲಿಂದ ಬಂತು, ಯಾಕೆ ಅಪಾಯ

ಮಂಗಳೂರಿನಲ್ಲಿ ಮಳೆ ಹಿಡಿಯಿತೆಂದರೆ ಮೆಡಿಕಲ್ ಅಂಗಡಿಗಳಲ್ಲಿ ಒಂದು ಮಾತು ಜಾಸ್ತಿ ಕೇಳಿಬರುತ್ತದೆ. "ಮಗುವಿಗೆ ಶೀತ, ರಾತ್ರಿ ನಿದ್ರೆಯೇ ಇಲ್ಲ, ಒಂದು ಸಿರಪ್ ಕೊಡಿ." ಎಷ್ಟೋ ಸಲ ಕೈಯಲ್ಲಿ ಚೀಟಿ ಇರುವುದಿಲ್ಲ. ಮಗುವಿನ ತೂಕದ ಮಾತೂ ಬರುವುದಿಲ್ಲ. ಆ ರಾತ್ರಿ ಮಗು ಮಲಗುತ್ತದೆ, ಮದ್ದು ಹಿಡಿಯಿತು ಎಂದು ಮನೆಯವರಿಗೆ ಸಮಾಧಾನ. ಆದರೆ ಶೀತ ಇದ್ದ ಹಾಗೇ ಇದೆ. ಕಡಿಮೆಯಾದದ್ದು ಮಗುವಿನ ಎಚ್ಚರ ಮಾತ್ರ.

2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದು 20ಕ್ಕೂ ಹೆಚ್ಚು ಮಕ್ಕಳು ಸತ್ತ ಮೇಲೆ ನಮ್ಮೂರಲ್ಲೂ ಭಯ ಹುಟ್ಟಿತು. ಅಲ್ಲಿ ಸಿರಪ್‌ಗೆ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸೇರಿಕೊಂಡಿತ್ತು, ಮಕ್ಕಳ ಕಿಡ್ನಿ ಕೆಟ್ಟುಹೋಯಿತು. ಆಗಿನಿಂದ ಹಲವರು "ನಾವು ಒಳ್ಳೆ ಕಂಪನಿಯದ್ದೇ ತರುತ್ತೇವೆ" ಎನ್ನುತ್ತಾರೆ. ನನಗೆ ಕಳವಳ ಆಗುವುದು ಈ ಮಾತಿನಿಂದಲೇ. ವಿಷ ಬೆರೆಯದ, ಎಲ್ಲ ಪರೀಕ್ಷೆಯಲ್ಲೂ ಪಾಸಾದ ಸಿರಪ್ ಕೂಡ ಸಣ್ಣ ಮಗುವಿಗೆ ಅಪಾಯ ತರಬಹುದು. ಯಾಕೆಂದರೆ ಅದರೊಳಗಿನ ಔಷಧದ ಕೆಲಸವೇ ಹಾಗೆ. ಅದರ ಕಥೆ 1940ರ ದಶಕಕ್ಕೆ ಹೋಗುತ್ತದೆ.

ನಮ್ಮ ಮೈಯಲ್ಲಿ ಹಿಸ್ಟಮಿನ್ ಎಂಬ ವಸ್ತು ಇದೆ. ಅಲರ್ಜಿ ಆದಾಗ ಮೂಗು ಸುರಿಯುವುದು, ಮೈ ತುರಿಸುವುದು ಅದರಿಂದ. ಅದನ್ನು ತಡೆಯುವ ಮದ್ದುಗಳನ್ನು 1940ರ ದಶಕದಲ್ಲಿ ಒಂದರ ಹಿಂದೆ ಒಂದರಂತೆ ತಯಾರಿಸಿದರು. ಫ್ರಾನ್ಸಿನಲ್ಲಿ ಪ್ರೋಮೆಥಜಿನ್ ಬಂತು. ಈಗ ನಮ್ಮ ಶೀತದ ಸಿರಪ್‌ಗಳಲ್ಲಿ ತುಂಬಾ ಕಾಣುವ ಕ್ಲೋರ್ಫೆನಿರಮಿನ್ ಕೂಡ ಅದೇ ಕಾಲದ್ದು. ಇವುಗಳಲ್ಲಿ ಒಂದು ತೊಂದರೆ ಇತ್ತು. ಮೆದುಳಿನೊಳಗೆ ಹಿಸ್ಟಮಿನ್ ಮಾಡುವ ಕೆಲಸ ನಮ್ಮನ್ನು ಎಚ್ಚರವಾಗಿಡುವುದು. ಈ ಹಳೆಯ ಮದ್ದುಗಳು ರಕ್ತದಿಂದ ಮೆದುಳಿಗೆ ಸುಲಭವಾಗಿ ದಾಟುತ್ತವೆ. ಹಾಗಾಗಿ ಮೂಗಿನ ಜೊತೆಗೆ ಎಚ್ಚರವನ್ನೂ ತಡೆದುಬಿಡುತ್ತವೆ.

ಫ್ರೆಂಚ್ ನೌಕಾಪಡೆಯ ಸರ್ಜನ್ ಹೆನ್ರಿ ಲಾಬೋರಿ ಈ ಅಡ್ಡಪರಿಣಾಮವನ್ನೇ ಉಪಯೋಗಕ್ಕೆ ತಂದರು. ಆಪರೇಷನ್‌ಗೆ ಮೊದಲು ರೋಗಿಯನ್ನು ಶಾಂತವಾಗಿಡಲು ಪ್ರೋಮೆಥಜಿನ್ ಬಳಸಿದರು. ಅದೇ ಗುಂಪಿನ ರಾಸಾಯನಿಕಗಳ ಮೇಲೆ ಮುಂದುವರಿದ ಕೆಲಸದಿಂದ 1950ರಲ್ಲಿ ಕ್ಲೋರ್‌ಪ್ರೋಮಜಿನ್ ಹುಟ್ಟಿತು. ಅದು ಮಾನಸಿಕ ರೋಗಕ್ಕೆ ಕೊಡುವ ಮದ್ದು. ಮಗುವಿನ ಕೆಮ್ಮಿಗೆ ಕೊಡುವ ಸಿರಪ್‌ನ ನೆಂಟಸ್ತಿಕೆ ಎಲ್ಲಿಯವರೆಗಿದೆ ನೋಡಿ.

ಇದು ಮಕ್ಕಳಿಗೆ ಬಂದದ್ದು ಮಕ್ಕಳ ಮೇಲೆ ಪರೀಕ್ಷೆ ಮಾಡಿ ಅಲ್ಲ. ಅಮೆರಿಕದಲ್ಲಿ 1976ರ ಹೊತ್ತಿಗೆ ತಜ್ಞರ ಸಮಿತಿಯೊಂದು ಚೀಟಿ ಇಲ್ಲದೆ ಮಾರುವ ಶೀತದ ಮದ್ದುಗಳಿಗೆ ಪ್ರಮಾಣ ಸೂಚಿಸಿತು. ಆರರಿಂದ ಹನ್ನೊಂದು ವರ್ಷದವರಿಗೆ ದೊಡ್ಡವರ ಪ್ರಮಾಣದ ಅರ್ಧ, ಎರಡರಿಂದ ಐದು ವರ್ಷದವರಿಗೆ ಕಾಲು ಭಾಗ. ಸಣ್ಣ ಮಗುವಿನ ಲಿವರ್ ಮದ್ದನ್ನು ಹೇಗೆ ಕರಗಿಸುತ್ತದೆ, ಮೆದುಳು ಎಷ್ಟು ಮಂಕಾಗುತ್ತದೆ ಎಂದು ಅಳೆದು ಕೊಟ್ಟ ಲೆಕ್ಕ ಅದಲ್ಲ, ಸುಮ್ನೆ ಭಾಗಾಕಾರ. ನಮ್ಮ "ಅರ್ಧ ಚಮಚ ಕೊಡಿ, ಸಾಕು" ಎಂಬ ಮಾತೂ ಇದೇ ಬಗೆಯದ್ದು ಅಲ್ವಾ?

ಎಚ್ಚರಿಕೆಯ ಮಾತು ಬೇಗನೇ ಶುರುವಾಗಿತ್ತು. 1982ರಲ್ಲೇ ಬೆಲ್ಜಿಯಂನ ವೈದ್ಯರು ಪ್ರೋಮೆಥಜಿನ್ ಗುಂಪಿನ ಮದ್ದಿಗೂ ಹಸುಗೂಸುಗಳು ನಿದ್ರೆಯಲ್ಲೇ ಸಾಯುವುದಕ್ಕೂ ಸಂಬಂಧ ಇರಬಹುದೆಂದು ಬರೆದರು. ಅಮೆರಿಕದ ಔಷಧ ಇಲಾಖೆ ಪ್ರೋಮೆಥಜಿನ್ ಮೇಲೆ ತನ್ನ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದ್ದು 2004ರಲ್ಲಿ. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು, ಉಸಿರು ಕುಗ್ಗಿ ಸಾವು ಬರಬಹುದು ಎಂದು.

ಅದೇ 2004ರಲ್ಲಿ ಬಂದ ಇನ್ನೊಂದು ಅಧ್ಯಯನ ಇನ್ನೂ ಮುಖ್ಯ ಎನ್ನುವುದು ನನ್ನ ಅಭಿಪ್ರಾಯ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ರಾತ್ರಿ ಕೆಮ್ಮುವ 100 ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಕೆಮ್ಮು ತಡೆಯುವ ಡೆಕ್ಸ್ಟ್ರೋಮೆಥಾರ್ಫನ್, ಇನ್ನೊಂದಕ್ಕೆ ನಿದ್ರೆ ಬರಿಸುವ ಡೈಫೆನ್‌ಹೈಡ್ರಮಿನ್, ಮೂರನೆಯದಕ್ಕೆ ಔಷಧವೇ ಇಲ್ಲದ ಸಿಹಿ ದ್ರವ. ಎರಡನೆಯ ರಾತ್ರಿ ಮೂರೂ ಗುಂಪಿನಲ್ಲಿ ಕೆಮ್ಮು ಕಡಿಮೆಯಾಯಿತು. ಮದ್ದು ಕುಡಿದವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಶೀತ ಅದರಷ್ಟಕ್ಕೇ ಇಳಿಯುತ್ತಿತ್ತು, ಹೆಸರು ಸಿರಪ್‌ಗೆ ಬರುತ್ತಿತ್ತು. ಲಾಭವೇ ಇಲ್ಲದ ಕಡೆ ಸಣ್ಣ ಅಪಾಯವನ್ನೂ ಒಪ್ಪಿಕೊಳ್ಳಲು ಕಾರಣ ಇಲ್ಲ.

ನಂತರ ಬದಲಾವಣೆ ಬೇಗ ಬಂತು. 2007ರ ಅಕ್ಟೋಬರ್‌ನಲ್ಲಿ ಅಲ್ಲಿನ ಕಂಪನಿಗಳು ಹಸುಗೂಸುಗಳ ಶೀತದ ಮದ್ದನ್ನು ಅಂಗಡಿಯಿಂದ ವಾಪಸ್ ತೆಗೆದುಕೊಂಡವು. ಮರುವರ್ಷ ಲೇಬಲ್ ಮೇಲೆ ನಾಲ್ಕು ವರ್ಷದೊಳಗೆ ಬೇಡ ಎಂದು ಬರೆದವು. ಬ್ರಿಟನ್ ಆರು ವರ್ಷದ ಗಡಿ ಹಾಕಿತು.

ನಮ್ಮ ದೇಶ ಇದನ್ನು ನೋವುಂಡು ಕಲಿಯಿತು. 2021ರಲ್ಲಿ ದೆಹಲಿಯಲ್ಲಿ ಡೆಕ್ಸ್ಟ್ರೋಮೆಥಾರ್ಫನ್ ಸಿರಪ್ ಕುಡಿದ ಮಕ್ಕಳು ಆಸ್ಪತ್ರೆ ಸೇರಿದರು, ಮೂವರು ಉಳಿಯಲಿಲ್ಲ. 2023ರ ಡಿಸೆಂಬರ್‌ನಲ್ಲಿ ಕೇಂದ್ರದ ಔಷಧ ನಿಯಂತ್ರಕರು ಒಂದು ಆದೇಶ ಹೊರಡಿಸಿದರು. ಕ್ಲೋರ್ಫೆನಿರಮಿನ್ ಮತ್ತು ಮೂಗು ಬಿಡಿಸುವ ಫಿನೈಲೆಫ್ರಿನ್ ಸೇರಿದ ಮದ್ದನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು, ಅದನ್ನು ಲೇಬಲ್ ಮೇಲೆ ಬರೆಯಬೇಕು ಎಂದು. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಇನ್ನೂ ಸ್ಪಷ್ಟವಾಗಿ ಹೇಳಿತು. ಎರಡು ವರ್ಷದೊಳಗಿನವರಿಗೆ ಕೆಮ್ಮು ಶೀತದ ಸಿರಪ್ ಬರೆದುಕೊಡಲೂ ಬಾರದು, ಮಾರಲೂ ಬಾರದು. ಐದು ವರ್ಷದವರೆಗೂ ಸಾಮಾನ್ಯವಾಗಿ ಅದು ಬೇಡ.

ಮನೆಯಲ್ಲಿ ಇದು ಎಲ್ಲಿ ತಪ್ಪುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ಉಡುಪಿಯ ಒಂದು ಮನೆಯಲ್ಲಿ ಹತ್ತು ತಿಂಗಳ ಮಗು ಇದೆ ಎಂದುಕೊಳ್ಳಿ. ತೂಕ 8 ಕಿಲೋ. ಕಪಾಟಿನಲ್ಲಿ ಹಿಂದೆ ಯಾವಾಗಲೋ ತಂದ ಶೀತದ ಡ್ರಾಪ್ಸ್ ಇದೆ. ಅದರ ಒಂದು ಮಿಲಿಯಲ್ಲಿ 2 ಮಿಲಿಗ್ರಾಂ ಕ್ಲೋರ್ಫೆನಿರಮಿನ್, 5 ಮಿಲಿಗ್ರಾಂ ಫಿನೈಲೆಫ್ರಿನ್. ಜೊತೆಗಿದ್ದ ಡ್ರಾಪರ್ ಕಳೆದುಹೋಗಿದೆ. ಅಜ್ಜಿ ಫೋನಿನಲ್ಲಿ ಮಗಳನ್ನು ಕೇಳುತ್ತಾರೆ, ಅವಳು ಮಗುವಿನ ಅಣ್ಣನಿಗೆ ಕೊಡುವ ಸಿರಪ್ ನೆನಪಲ್ಲಿ ಇಟ್ಟುಕೊಂಡು "ಅರ್ಧ ಚಮಚ ಹಾಕಿ ಅಮ್ಮಾ" ಎನ್ನುತ್ತಾಳೆ.

ಅರ್ಧ ಚಮಚ ಎಂದರೆ ಎರಡೂವರೆ ಮಿಲಿ. ಮಗುವಿನ ಹೊಟ್ಟೆಗೆ ಹೋದದ್ದು 5 ಮಿಲಿಗ್ರಾಂ ಕ್ಲೋರ್ಫೆನಿರಮಿನ್. ದೊಡ್ಡವರು ನುಂಗುವ ಮಾತ್ರೆಯಲ್ಲಿ ಇರುವುದೇ 4 ಮಿಲಿಗ್ರಾಂ. 60 ಕಿಲೋ ತೂಕದವರ ಮಾತ್ರೆಗೆ ಹೋಲಿಸಿದರೆ, ತೂಕದ ಲೆಕ್ಕದಲ್ಲಿ ಈ ಮಗುವಿಗೆ ಸುಮಾರು ಒಂಬತ್ತು ಪಟ್ಟು ಹೋಗಿದೆ. ಫಿನೈಲೆಫ್ರಿನ್ ಹನ್ನೆರಡೂವರೆ ಮಿಲಿಗ್ರಾಂ, ಅದೂ ದೊಡ್ಡವರು ಒಂದು ಸಲಕ್ಕೆ ತೆಗೆದುಕೊಳ್ಳುವ 10 ಮಿಲಿಗ್ರಾಂಗಿಂತ ಜಾಸ್ತಿ. ಇಲ್ಲಿ ಯಾರೂ ಬೇಜವಾಬ್ದಾರಿ ತೋರಿಸಿಲ್ಲ. ಒಂದು ಮಿಲಿ ಡ್ರಾಪ್ಸ್‌ನಲ್ಲಿ ಸಿರಪ್‌ಗಿಂತ ತುಂಬಾ ಜಾಸ್ತಿ ಮದ್ದು ಇರುತ್ತದೆ ಎಂಬ ಒಂದು ವಿಷಯ ಗೊತ್ತಿರಲಿಲ್ಲ, ಅಷ್ಟೇ.

ಇದು ಬೇಗ ಇಳಿಯುವುದೂ ಇಲ್ಲ. ಕುಡಿದ ಕ್ಲೋರ್ಫೆನಿರಮಿನ್‌ನಲ್ಲಿ ಅರ್ಧ ಭಾಗ ಹೊರಹೋಗಲು ಮಕ್ಕಳಲ್ಲಿ ಹತ್ತು ಗಂಟೆಗೂ ಹೆಚ್ಚು ಬೇಕು. ಆರು ಗಂಟೆಗೊಮ್ಮೆ ಕೊಟ್ಟರೆ ಹಳೆಯದು ಹೋಗುವ ಮೊದಲೇ ಹೊಸದು ಸೇರುತ್ತದೆ. ಜೊತೆಗೆ ಜ್ವರಕ್ಕೆಂದು ತಂದ ಬೇರೆ ಹೆಸರಿನ ಸಿರಪ್‌ನಲ್ಲೂ ಇದೇ ಮದ್ದು ಇದ್ದರೆ ಇನ್ನೂ ಕಷ್ಟ. ಬಾಟಲಿಯ ಮುಂದಿನ ದೊಡ್ಡ ಹೆಸರು ನೋಡಿದರೆ ಇದು ಗೊತ್ತಾಗುವುದಿಲ್ಲ, ಸಣ್ಣ ಅಕ್ಷರದಲ್ಲಿ ಬರೆದ ಔಷಧದ ಹೆಸರು ಓದಬೇಕು.

ಇನ್ನು ಉಸಿರಿನ ವಿಷಯ. ಹಸುಗೂಸು ಉಸಿರಾಡುವುದು ಹೆಚ್ಚಾಗಿ ಮೂಗಿನಿಂದ. ಮೂಗು ಕಟ್ಟಿ ಉಸಿರು ಸಾಲದಾದರೆ ಮಗು ಎಚ್ಚೆತ್ತು ಅಳುತ್ತದೆ, ತಲೆ ತಿರುಗಿಸುತ್ತದೆ, ಕೆಮ್ಮಿ ಕಫ ಕದಲಿಸುತ್ತದೆ. ಅಪ್ಪ ಅಮ್ಮನಿಗೆ ಹಿಂಸೆ ಅನ್ನಿಸುವ ಈ ಎಚ್ಚರವೇ ಮಗುವಿನ ಕಾವಲು. ನಿದ್ರೆಯ ಮದ್ದು ಅದನ್ನು ಕುಗ್ಗಿಸುತ್ತದೆ. ಸಾಲದ್ದಕ್ಕೆ ಕಫವನ್ನು ಒಣಗಿಸಿ ಇನ್ನಷ್ಟು ಅಂಟು ಮಾಡುತ್ತದೆ.

ಇನ್ನೊಂದು ತೊಂದರೆ ವೈದ್ಯರ ಮುಂದೆ ಕಾಣುತ್ತದೆ. ಕೆಮ್ಮುವ ಮಗುವಿಗೆ ನ್ಯುಮೋನಿಯಾ ಇದೆಯೇ ಎಂದು ನೋಡುವಾಗ ಅವರು ಕೇಳುವುದು ಮಗು ಹಾಲು ಕುಡಿಯುತ್ತಿದೆಯೇ, ಮಂಕಾಗಿದೆಯೇ ಎಂದು. ಸಿರಪ್ ಕುಡಿದ ಮಗು ಮಂಕಾಗಿರುವುದು ಮದ್ದಿನಿಂದಲೋ ರೋಗದಿಂದಲೋ? ಮನೆಯವರು "ಮದ್ದು ಕುಡಿದು ಮಲಗಿದೆ" ಎಂದು ಬೆಳಗಿನವರೆಗೆ ಕಾಯುತ್ತಾರೆ. ಆ ಸಮಯ ತುಂಬಾ ದುಬಾರಿ. ಅಲ್ಲದೆ ಕೆಲವು ಮಕ್ಕಳಲ್ಲಿ ಈ ಮದ್ದು ಉಲ್ಟಾ ಕೆಲಸ ಮಾಡುತ್ತದೆ. ಮಗು ಮಲಗುವ ಬದಲು ಚಡಪಡಿಸುತ್ತದೆ, ಕೈಕಾಲು ನಡುಗುತ್ತದೆ. ಆಗ ಇನ್ನೊಂದು ಡೋಸ್ ಕೊಡುವ ಆಸೆಯಾಗುವುದೇ ಅಪಾಯ.

ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿಗೋ, ಬಜಪೆಯಿಂದ ಗಲ್ಫ್‌ಗೆ ಹಾರುವ ವಿಮಾನಕ್ಕೋ ಮೊದಲು ಮಗು ಸುಮ್ಮನೆ ಮಲಗಲಿ ಎಂದು ಇದೇ ಸಿರಪ್ ಕೊಡುವವರೂ ಇದ್ದಾರೆ. ದಯವಿಟ್ಟು ಬೇಡ. ಕತ್ತಲೆಯ ಬಸ್ಸಿನಲ್ಲಿ, ಶಿರಾಡಿ ಘಾಟಿಯ ನಡುವೆ, ಮಡಿಲಲ್ಲಿ ಮಲಗಿದ ಮಗುವಿನ ಉಸಿರು ನಿಧಾನವಾದರೆ ಗಮನಿಸುವವರು ಯಾರು? ಆಸ್ಪತ್ರೆ ಎಷ್ಟು ದೂರ?

ಶೀತಕ್ಕೆ ಹಾಗಾದರೆ ಏನು ಮಾಡುವುದು? ಮೂಗಿಗೆ ಉಪ್ಪುನೀರಿನ ಡ್ರಾಪ್ಸ್, ಅಂದರೆ ಮೆಡಿಕಲ್‌ನಲ್ಲಿ ಸಿಗುವ ಸಲೈನ್, ಹಾಲು ಕುಡಿಸುವ ಮತ್ತು ಮಲಗಿಸುವ ಮೊದಲು ಹಾಕಿ. ಹಾಲು ಸ್ವಲ್ಪ ಸ್ವಲ್ಪವೇ, ಪದೇಪದೇ ಕೊಡಿ. ವರ್ಷ ತುಂಬಿದ ಮಗುವಿಗೆ ರಾತ್ರಿ ಅರ್ಧ ಚಮಚ ಜೇನು ಕೆಮ್ಮಿಗೆ ಒಳ್ಳೆಯದು. ವರ್ಷದೊಳಗೆ ಜೇನು ಬೇಡ, ಅದರಲ್ಲಿ ಬೊಟುಲಿಸಂ ಎಂಬ ವಿಷಬಾಧೆ ತರುವ ಕ್ರಿಮಿಯ ಬೀಜ ಇರಬಹುದು. ಅಲರ್ಜಿಗೋ ಬೇರೆ ಕಾಯಿಲೆಗೋ ಮಕ್ಕಳ ಡಾಕ್ಟರು ಬರೆದುಕೊಟ್ಟ ಮದ್ದನ್ನು ಮಾತ್ರ ಅವರನ್ನು ಕೇಳದೆ ನಿಲ್ಲಿಸಬೇಡಿ.

ಉಸಿರನ್ನು ಎಣಿಸಲು ಗಡಿಯಾರ ಸಾಕು. ಮಗು ಅಳದೆ ಇರುವಾಗ ಅಂಗಿ ಎತ್ತಿ, ಹೊಟ್ಟೆ ಏರುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40 ದಾಟಿದರೆ ಅದು ಬರೀ ಶೀತ ಅಲ್ಲ. ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಗೆ ಗುಂಡಿ ಬಿದ್ದರೂ ಹಾಗೆಯೇ. ಕೂಡಲೇ ಮಕ್ಕಳ ಡಾಕ್ಟರಿಗೆ ತೋರಿಸಿ.

ಸಿರಪ್ ಕುಡಿಸಿದ ಮೇಲೆ ಮಗುವನ್ನು ಎಬ್ಬಿಸಲು ಆಗದಿದ್ದರೆ, ಉಸಿರು ನಿಂತು ನಿಂತು ಬಂದರೆ, ತುಟಿ ನೀಲಿಯಾದರೆ, ಫಿಟ್ಸ್ ಬಂದರೆ 108ಕ್ಕೆ ಫೋನ್ ಮಾಡಿ. ವಾಂತಿ ಮಾಡಿಸಬೇಡಿ, ಬಾಯಿಗೆ ಏನನ್ನೂ ಹಾಕಬೇಡಿ. ಬಾಟಲಿಯನ್ನು ಜೊತೆಗೆ ತೆಗೆದುಕೊಂಡು ಹೋಗಿ, ಎಷ್ಟು ಹೊತ್ತಿಗೆ ಎಷ್ಟು ಕೊಟ್ಟಿರಿ ಎಂದು ಮುಚ್ಚಿಡದೆ ಹೇಳಿ. ಯಾವ ಮದ್ದು, ಒಂದು ಮಿಲಿಯಲ್ಲಿ ಎಷ್ಟು ಎಂದು ಗೊತ್ತಾದರೆ ಡಾಕ್ಟರು ಮಗುವಿನ ತೂಕ ಹಿಡಿದು ಆಗಲೇ ಲೆಕ್ಕ ಹಾಕಬಲ್ಲರು.