ಹಿಮದ ಚಿತ್ರದಲ್ಲಿ ಮೊದಲು ಕಲ್ಲನ್ನು ನೋಡಿ

ವಾಸ್ಕೋದ ಹೆಡ್‌ಲ್ಯಾಂಡ್ ಸಡಾದಲ್ಲಿ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವಿದೆ. ಹಾಗಾಗಿ ಗೋವಾದಲ್ಲಿ ಎರಡು ಬಗೆಯ ಹಿಮಚಿತ್ರಗಳು ಕೈಯಿಂದ ಕೈಗೆ ದಾಟುತ್ತಿರುತ್ತವೆ. ಕೆಲವು ಅಂಟಾರ್ಕ್ಟಿಕದ ಮೈತ್ರಿ ಮತ್ತು ಭಾರತಿ ನೆಲೆಗಳವು, ಇನ್ನು ಕೆಲವು ಹಿಮಾಚಲದ ಚಂದ್ರಾ ಕಣಿವೆಯವು. ಊರು, ತಾರೀಖು ಕಳಚಿಕೊಂಡ ಚಿತ್ರಗಳು ಬೇಗ ಬೆರೆತುಹೋಗುತ್ತವೆ. ಇಲ್ಲಿನ ಕನ್ನಡ ಬಳಗದ ಮೇಷ್ಟ್ರೊಬ್ಬರು ಶಾಲೆಯ ಪ್ರದರ್ಶನಕ್ಕೆಂದು ಅಂಥದೊಂದನ್ನು ತಂದು, "ಸರ್, ನೀರಿನಲ್ಲಿ ಹಿಮಗಡ್ಡೆ ತೇಲುತ್ತಿದೆ. ಅಂಟಾರ್ಕ್ಟಿಕ ಎಂದು ಬರೆಸಬಹುದಲ್ಲವೇ?" ಎಂದು ಕೇಳಿದರು.

ಚಿತ್ರದಲ್ಲಿ ಅಗಲವಾದ ಹಿಮನದಿ, ಅದರ ಬೆನ್ನ ಮೇಲೆ ಉದ್ದಕ್ಕೂ ಹರಿದ ಕಪ್ಪು ಪಟ್ಟೆ, ಮುಂದೆ ಒಂದು ಕೊಳ, ಕೊಳದ ದಂಡೆಯಲ್ಲಿ ಕೆಂಪು ಜಾಕೆಟ್ಟಿನ ಮನುಷ್ಯ. ಹಿಮನದಿಗಳನ್ನು ಓದುವುದೇ ಕಸುಬಾದ ನನ್ನ ಕಣ್ಣು ತೇಲುವ ಗಡ್ಡೆಗಿಂತ ಮೊದಲು ಹೋದದ್ದು ಆ ಕಪ್ಪು ಪಟ್ಟೆಯ ಕಡೆಗೆ.

ಅದು ಕಲ್ಲು. ಪರ್ವತದ ಹಿಮನದಿ ಎರಡು ಬಂಡೆಗೋಡೆಗಳ ನಡುವೆ ಇಳಿಯುತ್ತದೆ. ಬಿರುಕಿನಲ್ಲಿ ನೀರು ಹೆಪ್ಪುಗಟ್ಟಿ ಒಡೆದ ಕಲ್ಲುಗಳು ಮೇಲಿನಿಂದ ಅದರ ಅಂಚಿಗೆ ಬೀಳುತ್ತಲೇ ಇರುತ್ತವೆ. ಎರಡು ಹಿಮನದಿಗಳು ಕೂಡಿದಲ್ಲಿ ಒಳಗಿನ ಎರಡು ಅಂಚುಗಳು ಒಂದಾಗಿ, ನಟ್ಟನಡುವೆ ಕಲ್ಲಿನ ಸಾಲು ಮೂಡುತ್ತದೆ. ಇದಕ್ಕೆ ನಡು ಮೊರೇನ್ ಎನ್ನುತ್ತಾರೆ. ಚಂದ್ರಾ ಕಣಿವೆಯ ಬಡಾ ಶಿಗ್ರಿಯ ಕೆಳಭಾಗದಲ್ಲಂತೂ ಕಲ್ಲೇ ಹೆಚ್ಚು, ಹಿಮ ಕಾಣುವುದು ಕಡಿಮೆ. ಅಂಟಾರ್ಕ್ಟಿಕದ ಒಳನಾಡಿನಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಬೆಟ್ಟಗಳೇ ಹಿಮದಡಿ ಹೂತಿವೆ. ಹೊರಗೆ ಇಣುಕುವುದು ನುನಾಟಕ್ ಎಂಬ ತುದಿಗಳು ಮಾತ್ರ. ಮೇಲಿನಿಂದ ಕಲ್ಲು ಸುರಿಸುವ ಗೋಡೆಯೇ ಇಲ್ಲದ್ದರಿಂದ ಹಿಮದ ಮೈ ಸಾವಿರಾರು ಚದರ ಕಿಲೋಮೀಟರ್‌ಗಳವರೆಗೆ ಸ್ವಚ್ಛವಾಗಿಯೇ ಉಳಿಯುತ್ತದೆ.

ಇನ್ನು ತೇಲುವ ಗಡ್ಡೆ. ಹಿಮಾಲಯದಲ್ಲೂ ಹಿಮನದಿಯ ಮುಂದೆ ಸರೋವರವಾಗುತ್ತದೆ. ಸಮುದ್ರ ಟಾಪು ಹಿಮನದಿಯ ಮುಂದೆ ಅಂಥದ್ದೇ ಒಂದಿದೆ, ತುದಿ ಒಡೆದಾಗ ಗಡ್ಡೆಗಳು ಅದರಲ್ಲಿ ತೇಲುತ್ತವೆ. ಅದಕ್ಕೇ ಗಡ್ಡೆಗಿಂತ ನೀರಿನ ಬಣ್ಣ ನೋಡಬೇಕು. ಹಿಮನದಿ ಬಂಡೆಯನ್ನು ಅರೆದು ಮಾಡಿದ ಪುಡಿ ಬೆರೆತ ನೀರು ಬೂದು ಅಥವಾ ಹಾಲುಬೆರೆತ ಹಸಿರು. ಮೇಷ್ಟ್ರ ಚಿತ್ರದ ಕೊಳ ಬೂದು ಬಣ್ಣದ್ದೇ, ಗಡ್ಡೆಗಳೂ ಸಣ್ಣವು, ಮೈತುಂಬ ಮಣ್ಣು. ಸಮುದ್ರಕ್ಕೆ ಚಾಚಿ ತೇಲುವ ಹಿಮದ ಚಪ್ಪಡಿ ಮುರಿದಾಗ ಹುಟ್ಟುವ ಹಿಮಬಂಡೆಗಳಾದರೆ ನೆತ್ತಿ ಸಮತಟ್ಟು, ಬದಿ ನೆಟ್ಟಗೆ ನಿಂತ ಗೋಡೆ. ಅಂಥವು ಹಿಮಾಲಯದ ಯಾವ ಸರೋವರದಲ್ಲೂ ಸಿಗುವುದಿಲ್ಲ.

ಆದರೂ ನಾನು ಹೆಚ್ಚು ನಂಬುವುದು ನೆರಳನ್ನು. ಮೈತ್ರಿ ಇರುವುದು ಸುಮಾರು 71 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಡಿಸೆಂಬರ್ ಮಧ್ಯಾಹ್ನದಲ್ಲೂ ಸೂರ್ಯ ಅಲ್ಲಿ 43 ಡಿಗ್ರಿಗಿಂತ ಮೇಲೇರುವುದಿಲ್ಲ, ಹಾಗಾಗಿ ಸಮತಟ್ಟು ನೆಲದಲ್ಲಿ ನಿಂತವರ ನೆರಳು ಯಾವಾಗಲೂ ಅವರ ಎತ್ತರಕ್ಕಿಂತ ಉದ್ದ. ಧ್ರುವವೃತ್ತದ ಗೆರೆಯ ಮೇಲೂ ಸೂರ್ಯನ ಮಿತಿ 47 ಡಿಗ್ರಿ. ಚಂದ್ರಾ ಕಣಿವೆಯಲ್ಲಿ ಜೂನ್ ಮಧ್ಯಾಹ್ನ ಅದು 80 ಡಿಗ್ರಿ ದಾಟುತ್ತದೆ. ಕೆಂಪು ಜಾಕೆಟ್ಟಿನವರ ನೆರಳು ಅವರ ಎತ್ತರದ ಮೂರನೆಯ ಒಂದು ಭಾಗದಷ್ಟಿತ್ತು. ಎಂದರೆ ಸೂರ್ಯ 70 ಡಿಗ್ರಿಯ ಆಸುಪಾಸಿನಲ್ಲಿದ್ದ. ಅಂಟಾರ್ಕ್ಟಿಕ ಎಂದು ಬರೆಸಬೇಡಿ ಎಂದು ಮೇಷ್ಟ್ರಿಗೆ ಖಚಿತವಾಗಿ ಹೇಳಿದ್ದು ಈ ಲೆಕ್ಕದ ಬಲದಿಂದಲೇ.

ಇಲ್ಲಿ ಎರಡು ಎಚ್ಚರ ಬೇಕು. ನೆರಳು ಕ್ಯಾಮೆರಾದ ಕಡೆಗೋ ಅದಕ್ಕೆ ಬೆನ್ನು ಹಾಕಿಯೋ ಬಿದ್ದಿದ್ದರೆ ಚಿತ್ರದಲ್ಲಿ ಕುಗ್ಗಿ ಕಾಣುತ್ತದೆ; ಅಡ್ಡಲಾಗಿ ಬಿದ್ದಿದ್ದರೆ ಮಾತ್ರ ಅಳೆಯಿರಿ. ಸೂರ್ಯನ ಕಡೆಗೆ ವಾಲಿದ ಇಳಿಜಾರೂ ನೆರಳನ್ನು ಮೊಟಕುಗೊಳಿಸುತ್ತದೆ. ನಮ್ಮ ಚಿತ್ರದಲ್ಲಿ ಕೊಳದಂಚಿನ ಸಮತಟ್ಟು ನೆಲದ ಮೇಲೆ ನೆರಳು ಅಡ್ಡಲಾಗಿಯೇ ಬಿದ್ದಿತ್ತು. ಈ ಪರೀಕ್ಷೆ ಒಂದೇ ದಿಕ್ಕಿಗೆ ನಡೆಯುತ್ತದೆ ಎಂಬುದನ್ನೂ ಮರೆಯಬಾರದು. ಮೋಟು ನೆರಳು ಧ್ರುವವನ್ನು ತಳ್ಳಿಹಾಕುತ್ತದೆ. ಉದ್ದ ನೆರಳು ಏನನ್ನೂ ಸಾಬೀತು ಮಾಡುವುದಿಲ್ಲ, ಹಿಮಾಲಯದ ಬೆಳಗಿನಲ್ಲೂ ನೆರಳು ಉದ್ದವೇ.

ನಿಜಕ್ಕೂ ತೊಡಕಾಗುವುದು ಸ್ವಾಲ್‌ಬಾರ್ಡ್‌ನ ಚಿತ್ರಗಳಲ್ಲಿ. ನಮ್ಮ ಹಿಮಾದ್ರಿ ನೆಲೆ ಇರುವ ಆ ಉತ್ತರದ ದ್ವೀಪಗಳಲ್ಲಿ ಬಂಡೆಗೋಡೆ, ಕಣಿವೆ, ನಡು ಮೊರೇನ್ ಎಲ್ಲವೂ ಇವೆ, ಕರಗುನೀರೂ ಪುಡಿ ಬೆರೆತದ್ದೇ. ಕಲ್ಲೊಂದನ್ನೇ ನಂಬಿದರೆ ಹಿಮಾಲಯ ಎಂದುಬಿಡುತ್ತೇವೆ. ಅಲ್ಲಿ ಹಿಮನದಿಯ ತುದಿಯಲ್ಲಿ ಕಡಲಿದೆಯೇ, ದಂಡೆಯಲ್ಲಿ ಉಬ್ಬರವಿಳಿತದ ಗೆರೆ ಇದೆಯೇ ಎಂದು ಹುಡುಕಬೇಕು. ಕಡಲು ಚೌಕಟ್ಟಿನ ಹೊರಗಿದ್ದು ನೆರಳೂ ಉದ್ದವಿದ್ದರೆ, ಚಿತ್ರ ತೆಗೆದವರಿಂದ ಮೂಲ ಕಡತ ತರಿಸಿಕೊಂಡು ತಾರೀಖು, ವೇಳೆ ನೋಡದೆ ನಾನು ಸ್ಥಳ ಹೇಳುವುದಿಲ್ಲ.