ಗುಳಿಗೆ ನುಂಗಿದ ರಾತ್ರಿ ಜ್ವರ ಬಂದರೆ

ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆ ಆನೆಕಾಲು ರೋಗದ ಗುಳಿಗೆ ತಂದಾಗ ಬಾಗಿಲಲ್ಲೇ ಕೇಳಿಬರುವ ಮಾತೊಂದಿದೆ: "ಯಕ್ಕಾ, ನನಗ ಏನೂ ಆಗಿಲ್ಲ, ಕಾಲು ಬಾತಿಲ್ಲ. ಹ್ವಾದ ವರ್ಷ ತಗೊಂಡವರಿಗೆ ಜ್ವರ ಬಂದಿತ್ತು, ನನಗ್ಯಾಕ ಬೇಕು ಅದು?" ಅವರು ಹೇಳುವುದರಲ್ಲಿ ಸುಳ್ಳೇನಿಲ್ಲ. ಕೆಲವರಿಗೆ ಜ್ವರ ಬರುತ್ತದೆ. ಅದು ಎಲ್ಲಿಂದ ಬರುತ್ತದೆ ಎಂಬುದನ್ನು ಮಾತ್ರ ಯಾರೂ ಅವರಿಗೆ ಬಿಡಿಸಿ ಹೇಳಿರುವುದಿಲ್ಲ.

ಈ ರೋಗದ ದೊಡ್ಡ ಹುಳುಗಳು ದಾರದಂತೆ ತೆಳ್ಳಗಿದ್ದು, ದುಗ್ಧರಸದ ನಾಳಗಳಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಅವು ಹಾಕುವ ಮರಿಗಳು ಸುಮಾರು ಕಾಲು ಮಿಲಿಮೀಟರ್ ಉದ್ದ, ಬರಿಗಣ್ಣಿಗೆ ಕಾಣುವುದಿಲ್ಲ. ಹಗಲಲ್ಲಿ ಅವು ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿದ್ದು, ರಾತ್ರಿ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಈ ರೋಗ ಹರಡುವ, ಚರಂಡಿ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದೂ ರಾತ್ರಿಯೇ. ಆರೋಗ್ಯ ಇಲಾಖೆಯವರು ಕತ್ತಲಾದ ಮೇಲೆ ಬಂದು ಬೆರಳಿನ ರಕ್ತ ತೆಗೆಯುವುದು ಇದೇ ಕಾರಣಕ್ಕೆ. ಕಾಲು ಬಾಯುವುದಕ್ಕೆ ಎಷ್ಟೋ ವರ್ಷ ಮೊದಲೇ ರಕ್ತದಲ್ಲಿ ಮರಿಗಳು ಇರಬಲ್ಲವು. ಅಂಥವರು ನೋಡಲಿಕ್ಕೆ ಗಟ್ಟಿಮುಟ್ಟಾಗಿಯೇ ಇರುತ್ತಾರೆ.

ಆಶಾ ತರುವ ಡಿಇಸಿ ಗುಳಿಗೆ ಹೊಟ್ಟೆಗೆ ಹೋದ ಕೆಲವೇ ಗಂಟೆಗಳಲ್ಲಿ ಮರಿಗಳು ಸಾಯತೊಡಗುತ್ತವೆ. ಸತ್ತು ಒಡೆದ ಮರಿಗಳಿಂದ ಹೊರಬಿದ್ದದ್ದನ್ನು ದೇಹ ಹೊರಗಿನ ವಸ್ತುವೆಂದು ಗುರುತಿಸಿ ಅದರ ಮೇಲೆ ಎರಗುತ್ತದೆ. ಆ ಗುದ್ದಾಟವೇ ಜ್ವರ, ತಲೆನೋವು, ಮೈಕೈ ನೋವು, ತಲೆಸುತ್ತು, ವಾಂತಿ, ಕೆಲವೊಮ್ಮೆ ತುರಿಕೆ. ರಕ್ತದಲ್ಲಿ ಮರಿಗಳು ಹೆಚ್ಚಿದ್ದಷ್ಟೂ ಜ್ವರ ಹೆಚ್ಚು. ಹಾಗಾಗಿ ಒಂದೇ ಮನೆಯಲ್ಲಿ ಗುಳಿಗೆ ತಿಂದ ಅಣ್ಣನಿಗೆ ರಾತ್ರಿ ಮೈ ಸುಟ್ಟರೆ ತಮ್ಮನಿಗೆ ಏನೂ ಆಗದೆ ಇರಬಹುದು. ಇದು ಸಾಮಾನ್ಯವಾಗಿ ಮೊದಲ ಒಂದೆರಡು ದಿನದೊಳಗೆ ಶುರುವಾಗಿ, ಮೂರು ದಿನದೊಳಗೆ ತಾನಾಗಿಯೇ ಇಳಿಯುತ್ತದೆ. ದೊಡ್ಡವರು ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಒಂದು ಗುಳಿಗೆ ನುಂಗಿ, ನೀರು ಮಜ್ಜಿಗೆ ಕುಡಿದು ಮಲಗಿದರೆ ಸಾಕು. ಮಕ್ಕಳಿಗೆ ಅದರ ಅಳತೆಯನ್ನು ಆಶಾ ಅಥವಾ ಆಸ್ಪತ್ರೆಯವರನ್ನೇ ಕೇಳಬೇಕು.

ಆದರೆ ಗುಳಿಗೆ ನುಂಗಿದ ಕೂಡಲೇ ಬರುವ ಹೊಟ್ಟೆ ತೊಳಸು, ವಾಂತಿ ಬೇರೆ. ಅದು ಬಹಳ ಸಲ ಖಾಲಿ ಹೊಟ್ಟೆಯ ಕೆಲಸ. ಹತ್ತಿ ಬಿಡಿಸಲು ಬೆಳಗ್ಗೆಯೇ ಹೊರಟವರು ಚಹಾ ಒಂದನ್ನೇ ಕುಡಿದು ಗುಳಿಗೆ ತೆಗೆದುಕೊಳ್ಳುತ್ತಾರೆ. ರೊಟ್ಟಿ ಉಂಡ ಮೇಲೆ ನುಂಗಿ. ವಾಂತಿಯಲ್ಲಿ ಗುಳಿಗೆ ಹೊರಬಂದರೆ ನೀವಾಗಿಯೇ ಮತ್ತೆ ನುಂಗದೆ ಆಶಾಗೆ ತಿಳಿಸಿ.

ಒಂದು ಮನೆಯ ಲೆಕ್ಕ ಹಾಕೋಣ. ಅಜ್ಜಿಗೆ 70 ವರ್ಷ, ಬಿಪಿ ಗುಳಿಗೆ ತಿನ್ನುತ್ತಾಳೆ. ಮಗನಿಗೆ 35, ಮೊಮ್ಮಗಳಿಗೆ 9, ಮೊಮ್ಮಗನಿಗೆ 4, ಕೂಸಿಗೆ ಒಂದೂವರೆ ವರ್ಷ. ಸೊಸೆ ಮತ್ತೆ ಬಸುರಿ. 100 ಮಿಲಿಗ್ರಾಂ ಡಿಇಸಿ ಗುಳಿಗೆ 2ರಿಂದ 5 ವರ್ಷದವರಿಗೆ ಒಂದು, 6ರಿಂದ 14ರವರೆಗೆ ಎರಡು, 15 ತುಂಬಿದವರಿಗೆ ಮೂರು. ಅದರ ಜೊತೆ ಎಲ್ಲರಿಗೂ 400 ಮಿಲಿಗ್ರಾಂ ಅಲ್ಬೆಂಡಜೋಲ್ ಒಂದು. ಅಜ್ಜಿಗೆ ಮೂರು, ಮಗನಿಗೆ ಮೂರು, ಹುಡುಗಿಗೆ ಎರಡು, ಹುಡುಗನಿಗೆ ಒಂದು: ಒಟ್ಟು ಒಂಬತ್ತು ಡಿಇಸಿ, ನಾಲ್ಕು ಅಲ್ಬೆಂಡಜೋಲ್. ಬಿಪಿ, ಸಕ್ಕರೆ ಕಾಯಿಲೆ ಇದ್ದರೂ ಓಡಾಡಿಕೊಂಡಿದ್ದರೆ ತೆಗೆದುಕೊಳ್ಳಬಹುದು. ಕೂಸಿಗೂ ಬಸುರಿಗೂ ಕೊಡುವುದಿಲ್ಲ. ತೀವ್ರ ಕಾಯಿಲೆಯಿಂದ ಹಾಸಿಗೆ ಹಿಡಿದವರಿಗೂ ಇಲ್ಲ. ಇವುಗಳ ಜೊತೆ ಐವರ್ಮೆಕ್ಟಿನ್ ಕೊಡುವ ಕಡೆ ಅದರ ಲೆಕ್ಕ ವಯಸ್ಸಿನದಲ್ಲ, ಎತ್ತರದ್ದು.

ಅಲ್ಬೆಂಡಜೋಲ್ ದೊಡ್ಡ ಗುಳಿಗೆ, ಅಗಿದೇ ನುಂಗಬೇಕು. ಪುಟ್ಟ ಮಕ್ಕಳಿಗೆ ಎರಡು ಚಮಚಗಳ ನಡುವೆ ಪುಡಿ ಮಾಡಿ ನೀರಲ್ಲಿ ಕಲಸಿ ಕೊಡಿ. ಅಳುವ ಮಗುವಿನ ಮೂಗು ಹಿಡಿದು ಬಾಯಿಗೆ ತುರುಕಿದರೆ ಗುಳಿಗೆ ಉಸಿರುನಾಳಕ್ಕೆ ಸಿಕ್ಕಿಕೊಳ್ಳಬಹುದು. ಜ್ವರಕ್ಕಿಂತ ನಿಜವಾಗಿ ಹೆದರಬೇಕಾದದ್ದು ಅದಕ್ಕೆ.

ಕೆಲವು ಗಂಡಸರಿಗೆ ಕೆಲ ದಿನಗಳಲ್ಲಿ ತೊಡೆಸಂದಿನಲ್ಲೋ ವೃಷಣದ ಚೀಲದಲ್ಲೋ ಬಟಾಣಿ ಕಾಳಿನಷ್ಟು ಗಂಟು, ನೋವು ಕಾಣಿಸಬಹುದು. ನಾಚಿಕೆಯಿಂದ ಮುಚ್ಚಿಡುತ್ತಾರೆ. ಅಲ್ಲಿ ಸತ್ತದ್ದು ದೊಡ್ಡ ಹುಳು. ಗಂಟು ಕ್ರಮೇಣ ಕರಗುತ್ತದೆ. ನೋವು ತಡೆಯಲಾಗದಿದ್ದರೆ, ಜ್ವರ ಮೂರು ದಿನ ದಾಟಿದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಉಸಿರು ಕಟ್ಟಿದರೆ, ಮುಖ ತುಟಿ ಬಾತರೆ, ಎಚ್ಚರ ತಪ್ಪಿದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಇದು ಬಲು ಅಪರೂಪ.

ಒಂದು ಸಲದ ಗುಳಿಗೆಗೆ ದೊಡ್ಡ ಹುಳುಗಳೆಲ್ಲ ಸಾಯುವುದಿಲ್ಲ. ಉಳಿದವು ಮತ್ತೆ ಮರಿ ಹಾಕುತ್ತವೆ. ಮುಂದಿನ ವರ್ಷವೂ ಆಶಾ ಅದೇ ಬಾಗಿಲಿಗೆ ಬರುವುದು ಅದಕ್ಕೇ. ಈಗಾಗಲೇ ಆನೆಕಾಲಾಗಿರುವ ಕಾಲು ಗುಳಿಗೆಯಿಂದ ಸಣ್ಣಗಾಗುವುದಿಲ್ಲ. ಅಂಥವರು ದಿನಾ ಸಾಬೂನು ಹಚ್ಚಿ ಕಾಲು ತೊಳೆದು, ಬೆರಳಸಂದಿಗಳನ್ನು ಮೆತ್ತನೆ ಬಟ್ಟೆಯಿಂದ ಒತ್ತಿ ಒಣಗಿಸಿಕೊಂಡರೆ ಪದೇಪದೇ ಕೆಂಪೇರಿ ಜ್ವರ ಬರುವುದು ಕಡಿಮೆಯಾಗುತ್ತದೆ.